ಖಾತೆಯಲ್ಲಿ ಹಣವಿದ್ದರೂ ಯುಪಿಐ ಆಟೊಪೇ ವಿಫಲವಾದರೆ: ದೋಷ ಯಾವ ಹಂತದಲ್ಲಿದೆ ಎಂದು ಪತ್ತೆ ಹಚ್ಚುವ ಕ್ರಮ

ತಿಂಗಳುಗಟ್ಟಲೆ ಸರಾಗವಾಗಿ ಹೋಗುತ್ತಿದ್ದ ಆಟೊಪೇ ಕಂತು ಒಂದು ತಿಂಗಳು ಏಕಾಏಕಿ ನಿಂತಾಗ ಫೋನಿಗೆ ಬರುವುದು ಹೆಚ್ಚಿನ ಸಲ ‘ಪಾವತಿ ವಿಫಲವಾಗಿದೆ’ ಎಂಬ ಒಂದೇ ಸಾಲು. ಅದನ್ನು ಕಂಡವರು ಮೊದಲು ಬ್ಯಾಲೆನ್ಸ್ ನೋಡುತ್ತಾರೆ, ಹಣ ಇರುವುದು ಖಚಿತವಾದ ಮೇಲೆ ಬ್ಯಾಂಕಿನ ಸರ್ವರ್ ಕೈಕೊಟ್ಟಿರಬೇಕೆಂದು ಸುಮ್ಮನಾಗುತ್ತಾರೆ, ಮುಂದಿನ ತಿಂಗಳು ಅದೇ ಸಂದೇಶ ಮತ್ತೆ ಬರುತ್ತದೆ. ಒಂದು ಸಲ ತಪ್ಪಿ ತಾನಾಗಿ ಸರಿಹೋಗುವ ದೋಷ ಬೇರೆ, ಪ್ರತಿ ತಿಂಗಳೂ ಮರುಕಳಿಸುವ ದೋಷ ಬೇರೆ. ಮರುಕಳಿಸುವ ದೋಷದ ಕಾರಣ ಬಹುಪಾಲು ಮ್ಯಾಂಡೇಟ್‌ನ, ಅಂದರೆ ಹಣ ತೆಗೆಯಲು ನೀವು ಕೊಟ್ಟ ಒಪ್ಪಿಗೆಯ, ಒಳಗೇ ಇರುತ್ತದೆ: ಅದರ ಗರಿಷ್ಠ ಮೊತ್ತದಲ್ಲಿ, ಅನುಮೋದನೆಗೆ ಇದ್ದ ಕಾಲಾವಕಾಶದಲ್ಲಿ, ಇಲ್ಲವೇ ಅದು ಅಂಟಿಕೊಂಡಿರುವ ಆ್ಯಪ್ ಮತ್ತು ಖಾತೆ ಬದಲಾಗಿರುವುದರಲ್ಲಿ. ಈ ಮೂರೂ ಕಾರಣಗಳು ಒಂದರ ಹಿಂದೊಂದು ಎದುರಾದ ಒಂದು ಪ್ರಕರಣವನ್ನು ಆಧಾರವಾಗಿಟ್ಟುಕೊಂಡು ಪತ್ತೆಯ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ಇದು ಯುಪಿಐ ಮ್ಯಾಂಡೇಟ್ ಹೌದೇ ಎಂದು ನೋಡಿ

ವಿಮೆಯ ಕಂತು, ಮ್ಯೂಚುವಲ್ ಫಂಡ್‌ನ ಸಿಪ್, ಸಾಲದ ಇಎಂಐ ಇವೆಲ್ಲವನ್ನೂ ಜನ ಒಟ್ಟಾರೆಯಾಗಿ ‘ಆಟೊ ಡೆಬಿಟ್’ ಎನ್ನುತ್ತಾರೆ. ಆದರೆ ಹಣ ಹೋಗುವ ದಾರಿ ಒಂದೇ ಅಲ್ಲ. ನೆಟ್ ಬ್ಯಾಂಕಿಂಗ್ ಅಥವಾ ಆಧಾರ್ ಮೂಲಕ ಒಪ್ಪಿಗೆ ಕೊಟ್ಟು, ಬ್ಯಾಂಕುಗಳ ನಡುವಿನ ಎನ್ಎಸಿಎಚ್ ಎಂಬ ವ್ಯವಸ್ಥೆಯಲ್ಲಿ ನಡೆಯುವ ಮ್ಯಾಂಡೇಟ್ ಬೇರೆ, ಕಾರ್ಡಿನ ಮೇಲೆ ಕೊಟ್ಟ ಸ್ಥಾಯಿ ಆದೇಶ ಬೇರೆ, ಯುಪಿಐ ಆಟೊಪೇ ಬೇರೆ. ಎನ್ಎಸಿಎಚ್‌ನಲ್ಲಿ ಇರುವ ದೋಷವನ್ನು ಯುಪಿಐ ಆ್ಯಪ್‌ನಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಇವುಗಳನ್ನು ಪ್ರತ್ಯೇಕಿಸಲು ಸುಲಭದ ಗುರುತು ಒಂದಿದೆ. ಹಣ ಪಡೆಯುವ ಸಂಸ್ಥೆಯ ಪುಟದಲ್ಲಿ ಅಥವಾ ಅವರು ಕಳುಹಿಸಿದ ಇಮೇಲ್‌ನಲ್ಲಿ ಮ್ಯಾಂಡೇಟ್‌ನ ಸಂಖ್ಯೆ ಇರುತ್ತದೆ. ಅದು `UMN` ಎಂಬ ಹೆಸರಿನಲ್ಲಿದ್ದು, ಉದ್ದನೆಯ ಅಕ್ಷರಮಾಲೆಯ ಕೊನೆಗೆ `@` ಚಿಹ್ನೆ ಮತ್ತು ಯುಪಿಐ ಹ್ಯಾಂಡಲ್ ಇದ್ದರೆ ಅದು ಯುಪಿಐ ಮ್ಯಾಂಡೇಟ್. `UMRN` ಎಂದಿದ್ದು, `@` ಇಲ್ಲದ ಇಪ್ಪತ್ತು ಅಕ್ಷರಗಳ ಸಂಖ್ಯೆಯಾಗಿದ್ದರೆ ಅದು ಎನ್ಎಸಿಎಚ್.

`@` ಚಿಹ್ನೆಯ ನಂತರದ ಭಾಗ ಇನ್ನೊಂದು ಕೆಲಸಕ್ಕೂ ಬರುತ್ತದೆ. ಮ್ಯಾಂಡೇಟ್ ಯಾವ ಆ್ಯಪ್‌ನಲ್ಲಿ ಹುಟ್ಟಿತು ಎಂಬುದನ್ನು ಅದು ಹೇಳುತ್ತದೆ. ಮೂರು ನಾಲ್ಕು ಯುಪಿಐ ಆ್ಯಪ್ ಬಳಸುವವರಿಗೆ ಎರಡು ವರ್ಷದ ಹಿಂದೆ ಯಾವುದರಲ್ಲಿ ಪಿನ್ ಒತ್ತಿದ್ದೆವು ಎಂಬುದು ನೆನಪಿರುವುದಿಲ್ಲವಾದ್ದರಿಂದ, ಈ ಹ್ಯಾಂಡಲ್ ನೋಡಿಕೊಂಡೇ ಮುಂದಿನ ಹುಡುಕಾಟ ಶುರು ಮಾಡುವುದು ಒಳ್ಳೆಯದು.

ಮುನ್ಸೂಚನೆ ಬಂದಿತ್ತೇ?

ಆಟೊಪೇ ಕಂತೊಂದು ನಿಮ್ಮ ಖಾತೆಯಿಂದ ಹೊರಡುವುದಕ್ಕೆ ಮೂರು ಹಂತ ದಾಟಬೇಕು. ಮೊದಲನೆಯದು ಮ್ಯಾಂಡೇಟ್‌ನ ನೋಂದಣಿ. ಇದನ್ನು ನೀವು ಯುಪಿಐ ಪಿನ್ ಒತ್ತಿ ಒಪ್ಪುತ್ತೀರಿ. ಎರಡನೆಯದು ಪ್ರತಿ ಕಡಿತಕ್ಕೂ ಮುಂಚಿನ ಸೂಚನೆ. ರಿಸರ್ವ್ ಬ್ಯಾಂಕಿನ ನಿಯಮದಂತೆ, ಫಾಸ್ಟ್ಯಾಗ್ ತುಂಬಿಸುವಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಸಂಸ್ಥೆಯ ಹೆಸರು, ಮೊತ್ತ ಮತ್ತು ಕಡಿತದ ದಿನವನ್ನು ತಿಳಿಸುವ ಈ ಸೂಚನೆ ಕನಿಷ್ಠ 24 ಗಂಟೆ ಮೊದಲು ಗ್ರಾಹಕರಿಗೆ ತಲುಪಬೇಕು. ಮೂರನೆಯದು ನಿಜವಾದ ಕಡಿತ.

ಆದ್ದರಿಂದ ದೋಷ ಪತ್ತೆಯಲ್ಲಿ ಕೇಳಿಕೊಳ್ಳಬೇಕಾದ ಅತ್ಯಂತ ಉಪಯುಕ್ತ ಪ್ರಶ್ನೆ ಬ್ಯಾಲೆನ್ಸ್ ಬಗೆಗಿನದಲ್ಲ. ವಿಫಲವಾದ ತಿಂಗಳಲ್ಲಿ ಮುನ್ಸೂಚನೆ ಬಂದಿತ್ತೇ ಇಲ್ಲವೇ ಎಂಬುದು ಆ ಪ್ರಶ್ನೆ. ಎಸ್ಎಂಎಸ್, ಇಮೇಲ್ ಮತ್ತು ಯುಪಿಐ ಆ್ಯಪ್‌ನ ಅಧಿಸೂಚನೆಗಳು, ಈ ಮೂರನ್ನೂ ಹಿಂದಿನ ತಿಂಗಳುಗಳೊಂದಿಗೆ ಹೋಲಿಸಿ ನೋಡಬೇಕು. ಸೂಚನೆ ಎಂದಿನಂತೆ ಬಂದು ಕಡಿತ ಮಾತ್ರ ಆಗದಿದ್ದರೆ ದೋಷ ಮೂರನೆಯ ಹಂತದ್ದು: ಹಣ, ಸಮಯ, ಬ್ಯಾಂಕಿನ ತಡೆ ಇವುಗಳ ಕಡೆ ಗಮನ ಕೊಡಬೇಕು. ಪ್ರತಿ ತಿಂಗಳು ಬರುತ್ತಿದ್ದ ಸೂಚನೆ ಆ ತಿಂಗಳು ಬರಲೇ ಇಲ್ಲವೆಂದರೆ, ಕಡಿತದ ಪ್ರಯತ್ನವೇ ನಿಮ್ಮ ಖಾತೆಯವರೆಗೆ ಬಂದಿರುವ ಸಾಧ್ಯತೆ ಕಡಿಮೆ. ಆಗ ಮ್ಯಾಂಡೇಟ್‌ನ ವಿವರಗಳನ್ನೇ ತೆರೆದು ಓದಬೇಕು.

ಪ್ರಕರಣ: ಹದಿಮೂರನೆಯ ಕಂತು

ಹಾಸನದಲ್ಲಿ ಶಿಕ್ಷಕಿಯಾಗಿರುವ ನನ್ನ ಅತ್ತಿಗೆ ತಿಂಗಳಿಗೆ 5,000 ರೂಪಾಯಿಯ ಸಿಪ್ ಒಂದನ್ನು ಯುಪಿಐ ಆಟೊಪೇ ಮೂಲಕ ಕಟ್ಟುತ್ತಿದ್ದರು. ಕಂತಿನ ದಿನ ತಿಂಗಳ 7. ಹನ್ನೆರಡು ಕಂತು ಒಂದೂ ತಪ್ಪದೆ ಹೋದವು, ಹದಿಮೂರನೆಯದು ನಿಂತಿತು. “ದುಡ್ಡು ಮೂವತ್ತು ಸಾವಿರದ ಮೇಲಿದೆ, ಆದರೂ ಫೇಲ್ ಅಂತ ಬಂದಿದೆ, ನೋಡಿ ಸ್ವಲ್ಪ” ಎಂದು ಅವರು ಫೋನ್ ಮಾಡಿದರು. ಹಿಂದಿನ ತಿಂಗಳುಗಳ ಎಸ್ಎಂಎಸ್ ತೆಗೆದು ನೋಡಿದಾಗ ಪ್ರತಿ ತಿಂಗಳ 5 ಅಥವಾ 6ರಂದು ಮುನ್ಸೂಚನೆ ಬಂದಿರುವುದು ಕಂಡಿತು. ಹದಿಮೂರನೆಯ ತಿಂಗಳಲ್ಲಿ ಅಂಥ ಸಂದೇಶವೇ ಇರಲಿಲ್ಲ.

ಅವರ ಯುಪಿಐ ಆ್ಯಪ್‌ನಲ್ಲಿ ಪ್ರೊಫೈಲ್ ಚಿತ್ರ ಒತ್ತಿ, `Autopay` ವಿಭಾಗಕ್ಕೆ ಹೋಗಿ, ಆ ಮ್ಯಾಂಡೇಟ್ ತೆರೆದೆವು. ಇಲ್ಲಿ ನೋಡಬೇಕಾದದ್ದು ನಾಲ್ಕು ಸಂಗತಿ. ಸ್ಥಿತಿ ಸಕ್ರಿಯವಾಗಿದೆಯೇ, ತಾತ್ಕಾಲಿಕವಾಗಿ ತಡೆಹಿಡಿದಿದೆಯೇ ಎಂಬುದು ಮೊದಲನೆಯದು. ಯಾವುದೋ ತಿಂಗಳು ಕೈ ಬಿಗಿಯಾಗಿದ್ದಾಗ `Pause` ಒತ್ತಿ ಆಮೇಲೆ ಮರೆತವರನ್ನು ನಾನು ಕಂಡಿದ್ದೇನೆ. ಎರಡನೆಯದು ಮುಕ್ತಾಯದ ದಿನಾಂಕ. ಮೂರನೆಯದು ಆವರ್ತನೆ, ಅಂದರೆ ತಿಂಗಳಿಗೊಮ್ಮೆಯೇ, ಮೂರು ತಿಂಗಳಿಗೊಮ್ಮೆಯೇ ಅಥವಾ ಸಂಸ್ಥೆ ಕೇಳಿದಾಗಲೆಲ್ಲ ಕೊಡುವ `As presented` ಬಗೆಯೇ ಎಂಬುದು. ನಾಲ್ಕನೆಯದು ಮೊತ್ತ, ಮತ್ತು ಆ ಮೊತ್ತ ನಿಖರವೇ ಗರಿಷ್ಠವೇ ಎಂಬುದು.

ಅತ್ತಿಗೆಯ ಮ್ಯಾಂಡೇಟ್ ಸಕ್ರಿಯವಾಗಿತ್ತು, ಮುಕ್ತಾಯ ದೂರದಲ್ಲಿತ್ತು, ಆವರ್ತನೆ ಸರಿಯಿತ್ತು. ಮೊತ್ತದ ಜಾಗದಲ್ಲಿ ಗರಿಷ್ಠ 5,000 ಎಂದಿತ್ತು. ಸಿಪ್ ನೋಂದಾಯಿಸುವಾಗ ಅವರು ವರ್ಷಕ್ಕೆ ಶೇ. 10ರಷ್ಟು ಕಂತು ಏರುವ ‘ಸ್ಟೆಪ್ ಅಪ್’ ಆಯ್ಕೆಗೆ ಗುರುತು ಹಾಕಿದ್ದರು. ಹದಿಮೂರನೆಯ ತಿಂಗಳಿನಿಂದ ಕಂತು 5,500 ಆಯಿತು. ಮ್ಯಾಂಡೇಟ್‌ನ ಮಿತಿಗಿಂತ ಒಂದೇ ಒಂದು ರೂಪಾಯಿ ಹೆಚ್ಚಾದರೂ ಆ ಕೋರಿಕೆ ಮುಂದೆ ಹೋಗುವುದಿಲ್ಲ. ಮಿತಿಯಷ್ಟನ್ನಾದರೂ ಕಡಿತ ಮಾಡಿಕೊಳ್ಳೋಣ ಎಂಬ ವ್ಯವಸ್ಥೆ ಇಲ್ಲಿಲ್ಲ. 5,500 ಕೇಳಿದ್ದರಿಂದ 5,000 ಕೂಡ ಹೋಗಲಿಲ್ಲ. ಖಾತೆಯಲ್ಲಿ ಲಕ್ಷ ರೂಪಾಯಿ ಇದ್ದಿದ್ದರೂ ಫಲಿತಾಂಶ ಇದೇ ಆಗಿರುತ್ತಿತ್ತು.

ಇದೇ ಬಗೆಯ ದೋಷ ಬೇರೆ ವೇಷಗಳಲ್ಲೂ ಬರುತ್ತದೆ. ಆರೋಗ್ಯ ವಿಮೆಯ ಪ್ರೀಮಿಯಂ ವಯಸ್ಸಿನ ಹಂತ ದಾಟಿದಾಗ ಏರುತ್ತದೆ. ಬ್ರಾಡ್‌ಬ್ಯಾಂಡ್ ಯೋಜನೆಯ ದರ ಬದಲಾಗುತ್ತದೆ. ಮ್ಯಾಂಡೇಟ್ ನಿಖರ ಮೊತ್ತದ ಬಗೆಯದಾಗಿದ್ದರಂತೂ ದರ ಇಳಿದರೂ ಹೊಂದಾಣಿಕೆ ತಪ್ಪುತ್ತದೆ. ಹಾಗಾಗಿ ವಿಫಲವಾದ ಕಂತಿನ ಮೊತ್ತವನ್ನು ಹಿಂದಿನ ಯಶಸ್ವಿ ಕಂತಿನ ಮೊತ್ತದ ಪಕ್ಕದಲ್ಲಿಟ್ಟು ನೋಡುವುದನ್ನು ಬಿಡಬಾರದು. ಅವೆರಡರ ನಡುವೆ ವ್ಯತ್ಯಾಸವಿದ್ದರೆ ಕಾರಣ ಬಹುತೇಕ ಅಲ್ಲಿಯೇ ಸಿಕ್ಕಂತೆ.

ಮಿತಿ ಎಂದರೆ ಒಂದೇ ಮಿತಿಯಲ್ಲ

ಮ್ಯಾಂಡೇಟ್‌ನ ಗರಿಷ್ಠ ಮೊತ್ತ ನಿಮ್ಮ ಒಪ್ಪಿಗೆಯ ಮಿತಿ. ಅದರ ಮೇಲೆ ರಿಸರ್ವ್ ಬ್ಯಾಂಕಿನ ಇನ್ನೊಂದು ಮಿತಿಯಿದೆ. ಪ್ರತಿ ಕಂತಿಗೂ ಪಿನ್ ಕೇಳದೆ ಎಷ್ಟು ಮೊತ್ತದವರೆಗೆ ಕಡಿತ ಮಾಡಬಹುದು ಎಂಬುದನ್ನು ಅದು ಹೇಳುತ್ತದೆ. 2021ರ ಆರಂಭದಿಂದ 5,000 ರೂಪಾಯಿಯಿದ್ದ ಈ ಮಿತಿಯನ್ನು 2022ರ ಜೂನ್‌ನಲ್ಲಿ 15,000ಕ್ಕೆ ಏರಿಸಲಾಯಿತು. 2023ರ ಡಿಸೆಂಬರ್‌ನಲ್ಲಿ ಮ್ಯೂಚುವಲ್ ಫಂಡ್, ವಿಮಾ ಪ್ರೀಮಿಯಂ ಮತ್ತು ಕ್ರೆಡಿಟ್ ಕಾರ್ಡ್ ಬಿಲ್ ಈ ಮೂರು ವರ್ಗಗಳಿಗೆ ಮಾತ್ರ 1,00,000 ರೂಪಾಯಿಯವರೆಗೆ ಅವಕಾಶ ಕೊಟ್ಟರು. ಉಳಿದೆಲ್ಲದಕ್ಕೂ 15,000 ಮೀರಿದ ಪ್ರತಿ ಕಂತಿಗೆ ಪಿನ್ ಒತ್ತಲೇಬೇಕು.

ನಿಯಮದ ಮಿತಿ ಏರಿತೆಂದು ಹಳೆಯ ಮ್ಯಾಂಡೇಟ್‌ಗಳ ಮಿತಿ ತಾನಾಗಿ ಏರುವುದಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. 2021ರಲ್ಲಿ 5,000ಕ್ಕೆ ಒಪ್ಪಿ ಮಾಡಿದ ಮ್ಯಾಂಡೇಟ್ ಇಂದಿಗೂ 5,000ದ್ದೇ. ಇನ್ನೊಂದು ಕಡೆ, ಮಕ್ಕಳ ಶಾಲಾ ಶುಲ್ಕಕ್ಕೆ ಮೂರು ತಿಂಗಳಿಗೊಮ್ಮೆ 18,000 ರೂಪಾಯಿಯ ಮ್ಯಾಂಡೇಟ್ ಮಾಡಿಟ್ಟವರು ಇನ್ನು ಎಲ್ಲವೂ ತಾನಾಗಿ ಹೋಗುತ್ತದೆ ಎಂದುಕೊಳ್ಳುತ್ತಾರೆ. ಶಾಲಾ ಶುಲ್ಕ ಆ ಮೂರು ವರ್ಗಗಳಲ್ಲಿ ಇಲ್ಲ. ಆದ್ದರಿಂದ ಪ್ರತಿ ಸಲ ಆ್ಯಪ್‌ನಲ್ಲಿ ಅನುಮೋದನೆಯ ಕೋರಿಕೆ ಬರುತ್ತದೆ, ಪಿನ್ ಒತ್ತದಿದ್ದರೆ ಕಂತು ವಿಫಲವಾಗುತ್ತದೆ. ಇಂಥ ಕಡೆ ಶುಲ್ಕವನ್ನು ತಿಂಗಳಿಗೆ 6,000ದಂತೆ ಕಟ್ಟಲು ಶಾಲೆ ಒಪ್ಪಿದರೆ ತೊಂದರೆ ಬೇರಿನಲ್ಲೇ ಹೋಗುತ್ತದೆ.

ಅತ್ತಿಗೆಯ ಪ್ರಕರಣಕ್ಕೆ ಹೊಸ ಮ್ಯಾಂಡೇಟ್ ಬೇಕಾಯಿತು. ಇರುವ ಮ್ಯಾಂಡೇಟ್‌ನ ಮೊತ್ತವನ್ನೇ ತಿದ್ದುವ ಸೌಲಭ್ಯ ಯುಪಿಐನಲ್ಲಿ ಇದ್ದರೂ, ಹಣ ಪಡೆಯುವ ಸಂಸ್ಥೆ ಅದಕ್ಕೆ ಅವಕಾಶ ಮಾಡಿಕೊಟ್ಟಿರಬೇಕು. ಅವರ ಹೂಡಿಕೆ ವೇದಿಕೆಯಲ್ಲಿ ಅದಿರಲಿಲ್ಲ. ಹೊಸದರ ಗರಿಷ್ಠ ಎಷ್ಟಿರಬೇಕು ಎಂಬುದನ್ನು ಲೆಕ್ಕ ಹಾಕಿದೆವು. 5,000 ವರ್ಷಕ್ಕೆ ಶೇ. 10ರಂತೆ ಏರಿದರೆ ಮೊದಲ ಏರಿಕೆಗೆ 5,500, ಎರಡನೆಯದಕ್ಕೆ 6,050, ಹತ್ತನೆಯದಕ್ಕೆ ಸುಮಾರು 12,970, ಹನ್ನೊಂದನೆಯದಕ್ಕೆ ಸುಮಾರು 14,270 ಆಗುತ್ತದೆ. ಹನ್ನೆರಡನೆಯ ಏರಿಕೆಯಲ್ಲಿ 15,000 ದಾಟುತ್ತದೆ. ಆದ್ದರಿಂದ 15,000 ಎಂದು ಇಟ್ಟರೆ ಹನ್ನೊಂದು ಏರಿಕೆಗಳ ತನಕ ಚಿಂತೆಯಿಲ್ಲ. ಗರಿಷ್ಠ 15,000 ಎಂದ ಮಾತ್ರಕ್ಕೆ ಅಷ್ಟೂ ಹಣ ಹೋಗುವುದಿಲ್ಲ. ಹೋಗುವುದು ಆ ತಿಂಗಳ ಕಂತು ಮಾತ್ರ. ಆದರೂ ಮಿತಿಯನ್ನು ಬೇಕಾಬಿಟ್ಟಿ ಲಕ್ಷಕ್ಕೆ ಇಡುವುದನ್ನು ನಾನು ಒಪ್ಪುವುದಿಲ್ಲ. ಸಂಸ್ಥೆಯ ಕಡೆ ತಪ್ಪು ಮೊತ್ತ ನಮೂದಾದರೆ ನಿಮ್ಮ ಹಣಕ್ಕೆ ಇರುವ ಕಾವಲು ಈ ಮಿತಿಯೊಂದೇ.

ಅನುಮೋದನೆಯ ಗಡುವು

ಹೊಸ ಮ್ಯಾಂಡೇಟ್‌ಗೆ ವೇದಿಕೆಯಲ್ಲಿ ಕೋರಿಕೆ ಹಾಕಿದ್ದು ಬೆಳಿಗ್ಗೆ. ಅತ್ತಿಗೆ ತರಗತಿಯಲ್ಲಿದ್ದರು. ಸಂಜೆ ಆ್ಯಪ್ ತೆರೆದಾಗ ಅಲ್ಲಿ ಅನುಮೋದಿಸಲು ಏನೂ ಇರಲಿಲ್ಲ, ವೇದಿಕೆಯಲ್ಲಿ ‘ನೋಂದಣಿ ವಿಫಲ’ ಎಂದಿತ್ತು. ಇದನ್ನು ಬ್ಯಾಂಕಿನ ನಿರಾಕರಣೆ ಎಂದು ಓದುವುದು ತಪ್ಪು. ಅನುಮೋದನೆಯ ಪ್ರತಿ ಕೋರಿಕೆಗೂ ಒಂದು ಗಡುವಿರುತ್ತದೆ. ಅದು ಕೆಲವು ನಿಮಿಷಗಳದ್ದೋ ಕೆಲವು ಗಂಟೆಗಳದ್ದೋ ಎಂಬುದನ್ನು ಕೋರಿಕೆ ಕಳುಹಿಸುವ ಸಂಸ್ಥೆ ನಿರ್ಧರಿಸುತ್ತದೆ. ಗಡುವು ಮುಗಿದ ಕೋರಿಕೆ ಆ್ಯಪ್‌ನ ಬಾಕಿ ಪಟ್ಟಿಯಿಂದ ಮಾಯವಾಗುತ್ತದೆ. ಹಾಗಾಗಿ ಅದು ಬಂದಿದ್ದೇ ಸುಳ್ಳು ಎಂಬ ಭಾವನೆ ಹುಟ್ಟುತ್ತದೆ.

ಗಡುವು ಮುಗಿದದ್ದೇ ಅಥವಾ ಕೋರಿಕೆ ಬರಲೇ ಇಲ್ಲವೇ ಎಂದು ತಿಳಿಯುವುದು ಹೀಗೆ: ಆಟೊಪೇ ವಿಭಾಗದಲ್ಲಿ ಬಾಕಿ ಪಟ್ಟಿಯ ಜೊತೆಗೆ ಇತಿಹಾಸದ ಪಟ್ಟಿಯೂ ಇರುತ್ತದೆ. ಅಲ್ಲಿ ಕೋರಿಕೆ ಅವಧಿ ಮುಗಿದದ್ದಾಗಿ ಕಂಡರೆ ಹೊಸದಾಗಿ ಕೋರಿಕೆ ಹಾಕಿದರೆ ಸಾಕು. ಅಲ್ಲೂ ಕುರುಹಿಲ್ಲದಿದ್ದರೆ ಕೋರಿಕೆ ಬೇರೆ ಯುಪಿಐ ಐಡಿಗೆ ಹೋಗಿದೆ ಎಂದು ಅನುಮಾನಿಸಬೇಕು. ವೇದಿಕೆಯಲ್ಲಿ ಹಿಂದೆಂದೋ ಉಳಿಸಿಟ್ಟ ಐಡಿ ಹಾಗೆಯೇ ಉಳಿದಿದ್ದು, ಈಗ ಬಳಸುವ ಆ್ಯಪ್ ಬೇರೆಯಾಗಿದ್ದರೆ ಹೀಗಾಗುತ್ತದೆ. ಫೋನಿನ ಬ್ಯಾಟರಿ ಉಳಿತಾಯದ ಸೆಟ್ಟಿಂಗ್‌ನಿಂದ ಅಧಿಸೂಚನೆ ಮೇಲೆ ಬಾರದೆ ಹೋಗುವುದೂ ಉಂಟು. ಆದ್ದರಿಂದ ಅಧಿಸೂಚನೆಗೆ ಕಾಯದೆ ಆ್ಯಪ್ ತೆರೆದೇ ನೋಡಬೇಕು. ಅತ್ತಿಗೆ ಎರಡನೆಯ ಕೋರಿಕೆಯನ್ನು ರಾತ್ರಿ ಊಟವಾದ ಮೇಲೆ, ಫೋನ್ ಕೈಯಲ್ಲಿ ಹಿಡಿದು ಹಾಕಿದರು. ಅದು ಕೂಡಲೇ ಬಂತು.

ಅನುಮೋದನೆಯ ಕೋರಿಕೆಯನ್ನು ನೀವೇ ಹಾಕಿರಬೇಕು. ‘ನಿಂತುಹೋದ ಕಂತನ್ನು ಸರಿಪಡಿಸುತ್ತೇವೆ, ಬಂದ ಕೋರಿಕೆಗೆ ಪಿನ್ ಒತ್ತಿ’ ಎಂದು ಯಾರಾದರೂ ಕರೆ ಮಾಡಿದರೆ ಒತ್ತಬೇಡಿ. ಮ್ಯಾಂಡೇಟ್‌ಗೆ ಒಮ್ಮೆ ಪಿನ್ ಕೊಟ್ಟರೆ, ಪಿನ್ ಬೇಡದ ಮಿತಿಯೊಳಗಿನ ಮುಂದಿನ ಕಡಿತಗಳಿಗೆ ನಿಮ್ಮನ್ನು ಕೇಳುವವರಿಲ್ಲ.

ಸೂಚನೆ ಬಂದು ಕಡಿತ ಆಗದಿದ್ದರೆ

ಮುನ್ಸೂಚನೆ ಬಂದಿದ್ದ ಪ್ರಕರಣಗಳಲ್ಲಿ ಸಮಯವನ್ನು ನೋಡಬೇಕು. 2025ರ ಆಗಸ್ಟ್ 1ರಿಂದ ಜಾರಿಗೆ ಬಂದ, ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ ನಿಯಮದಂತೆ ಆಟೊಪೇ ಕಡಿತಗಳನ್ನು ದಟ್ಟಣೆಯ ಹೊತ್ತಿನಲ್ಲಿ, ಅಂದರೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 1ರವರೆಗೆ ಮತ್ತು ಸಂಜೆ 5ರಿಂದ ರಾತ್ರಿ 9.30ರವರೆಗೆ ನಡೆಸುವಂತಿಲ್ಲ. ಒಂದು ಕಂತಿಗೆ ಮೊದಲ ಪ್ರಯತ್ನ, ಅದು ವಿಫಲವಾದರೆ ಹೆಚ್ಚೆಂದರೆ ಇನ್ನು ಮೂರು ಪ್ರಯತ್ನ, ಅಷ್ಟಕ್ಕೇ ಮುಗಿಯಿತು.

ಇದರಿಂದ ಪ್ರಾಯೋಗಿಕವಾಗಿ ಆಗುವುದೇನೆಂದರೆ, ಕಡಿತದ ಪ್ರಯತ್ನ ನೀವು ಏಳುವ ಮುನ್ನವೇ ನಡೆದಿರಬಹುದು. ಸಂಬಳ 1ನೇ ತಾರೀಖು ಮಧ್ಯಾಹ್ನ ಜಮೆಯಾಗುವವರು ಕಂತಿನ ದಿನವನ್ನೂ 1 ಎಂದೇ ಇಟ್ಟುಕೊಂಡರೆ, ಬೆಳಗಿನ ಜಾವದ ಪ್ರಯತ್ನ ಹಣವಿಲ್ಲದೆ ಸೋಲುತ್ತದೆ. ಮಧ್ಯಾಹ್ನದ ಮೇಲೆ ಖಾತೆ ನೋಡಿದವರಿಗೆ ಹಣ ಕಾಣುತ್ತದೆ, ವಿಫಲವಾದ ಸಂದೇಶವೂ ಕಾಣುತ್ತದೆ, ಎರಡಕ್ಕೂ ತಾಳೆಯಾಗುವುದಿಲ್ಲ. ಖಾತೆಯ ವಿವರಪಟ್ಟಿಯಲ್ಲಿ ವಿಫಲ ಸಂದೇಶ ಬಂದ ಗಳಿಗೆಗೆ ಇದ್ದ ಬ್ಯಾಲೆನ್ಸ್ ಎಷ್ಟು ಎಂದು ನೋಡಿದರೆ ಗೊಂದಲ ಬಗೆಹರಿಯುತ್ತದೆ. ಕಂತಿನ ದಿನವನ್ನು ಸಂಬಳದ ದಿನಕ್ಕಿಂತ ಮೂರು ನಾಲ್ಕು ದಿನ ಮುಂದಕ್ಕೆ ಹಾಕಿಕೊಳ್ಳುವುದು ಇದಕ್ಕೆ ನೇರ ಪರಿಹಾರ.

ಆ್ಯಪ್ ತೋರಿಸುವ ಬ್ಯಾಲೆನ್ಸ್‌ನಲ್ಲಿ ತಡೆಹಿಡಿದ ಹಣವೂ ಸೇರಿರಬಹುದು. ಷೇರು ಮಾರುಕಟ್ಟೆಯ ಐಪಿಒಗೆ ಯುಪಿಐ ಮೂಲಕ ಅರ್ಜಿ ಹಾಕಿದವರ ಹಣ ಖಾತೆಯಲ್ಲೇ ಇರುತ್ತದೆ, ಆದರೆ ಹಂಚಿಕೆ ಮುಗಿಯುವವರೆಗೆ ಬೇರೆ ಕೆಲಸಕ್ಕೆ ಒದಗುವುದಿಲ್ಲ. ಬ್ಯಾಂಕಿನ ಆ್ಯಪ್‌ನಲ್ಲಿ ‘ಲಭ್ಯ ಬ್ಯಾಲೆನ್ಸ್’ ಎಂದು ಪ್ರತ್ಯೇಕವಾಗಿ ತೋರಿಸುವ ಅಂಕಿಯನ್ನೇ ನಂಬಬೇಕು.

ಹಣ ಪಡೆಯುವ ಸಂಸ್ಥೆಯ ಗ್ರಾಹಕ ಸೇವೆಗೆ ಬರೆದರೆ ವಿಫಲತೆಯ ಸಂಕೇತವನ್ನು ತಿಳಿಸಲು ಅವರಿಗೆ ಸಾಧ್ಯವಿದೆ, ಕೇಳಿ ಪಡೆಯಬೇಕು. `Z9` ಎಂದರೆ ಖಾತೆಯಲ್ಲಿ ಸಾಕಷ್ಟು ಹಣ ಇರಲಿಲ್ಲ. `Z8` ಎಂದರೆ ನಿಮ್ಮ ಬ್ಯಾಂಕು ಒಂದು ವ್ಯವಹಾರಕ್ಕೆ ಇಟ್ಟ ಮಿತಿ ಮೀರಿತು. `YE` ಎಂದರೆ ಖಾತೆಗೆ ತಡೆ ಬಿದ್ದಿದೆ. ಕೆವೈಸಿ ನವೀಕರಿಸದೆ ಬಿಟ್ಟ ಖಾತೆಗಳಲ್ಲಿ ಇದನ್ನು ಕಾಣಬಹುದು, ಮತ್ತು ಇದಕ್ಕೆ ಶಾಖೆಗೆ ಹೋಗದೆ ದಾರಿಯಿಲ್ಲ. `U30` ಮಾತ್ರ ಹೆಚ್ಚೇನನ್ನೂ ಹೇಳದ ಸಂಕೇತ, ಡೆಬಿಟ್ ಆಗಲಿಲ್ಲ ಎಂದಷ್ಟೇ ಅದರ ಅರ್ಥ. ಅದರೊಂದಿಗೆ ಬ್ಯಾಂಕು ಕೊಟ್ಟ ಇನ್ನೊಂದು ಸಂಕೇತವಿದ್ದರೆ ಅದನ್ನು ಕೇಳಬೇಕು.

ಆ್ಯಪ್, ಫೋನ್, ಖಾತೆ ಬದಲಾದಾಗ

ಅತ್ತಿಗೆ ಎರಡನೆಯ ಕೋರಿಕೆಗೆ ಪಿನ್ ಒತ್ತಿದರು. ಆ್ಯಪ್‌ನಲ್ಲಿ ಮ್ಯಾಂಡೇಟ್ ಸಕ್ರಿಯವೆಂದು ಕಂಡಿತು. ಎರಡು ದಿನದ ನಂತರ ವೇದಿಕೆಯಿಂದ ಇಮೇಲ್ ಬಂತು: ಮ್ಯಾಂಡೇಟ್ ತಿರಸ್ಕೃತವಾಗಿದೆ, ಖಾತೆಯ ವಿವರ ಹೊಂದುತ್ತಿಲ್ಲ. ಆ ವರ್ಷ ಅವರ ಸಂಬಳ ಇನ್ನೊಂದು ಬ್ಯಾಂಕಿಗೆ ಬರಲು ಶುರುವಾಗಿತ್ತು, ಯುಪಿಐ ಆ್ಯಪ್‌ನಲ್ಲಿ ಆ ಖಾತೆಯನ್ನೇ ಮುಖ್ಯ ಖಾತೆಯಾಗಿ ಮಾಡಿಕೊಂಡಿದ್ದರು. ಅನುಮೋದನೆಯ ಪರದೆಯಲ್ಲಿ ಆ್ಯಪ್ ತಾನಾಗಿ ಮುಖ್ಯ ಖಾತೆಯನ್ನು ಆರಿಸಿಟ್ಟಿತ್ತು. ಆದರೆ ಅವರ ಹೂಡಿಕೆಯ ದಾಖಲೆಯಲ್ಲಿ ಇದ್ದದ್ದು ಹಳೆಯ ಖಾತೆ. ಮ್ಯೂಚುವಲ್ ಫಂಡ್‌ಗೆ ಹಣ ಹೂಡಿಕೆದಾರರ ನೋಂದಾಯಿತ ಖಾತೆಯಿಂದಲೇ ಬರಬೇಕಾದ್ದರಿಂದ ಮ್ಯಾಂಡೇಟ್ ಊರ್ಜಿತವಾಗಲಿಲ್ಲ. ಪಿನ್ ಒತ್ತುವ ಮುನ್ನ ಆ ಪರದೆಯಲ್ಲಿ ಖಾತೆಯ ಕೊನೆಯ ನಾಲ್ಕು ಅಂಕಿಗಳನ್ನು ನೋಡಿದ್ದರೆ ಎರಡು ದಿನ ಉಳಿಯುತ್ತಿತ್ತು. ಮೂರನೆಯ ಸಲ ಹಳೆಯ ಖಾತೆಯನ್ನು ಆರಿಸಿ ಒಪ್ಪಿದರು, ಅದು ಊರ್ಜಿತವಾಯಿತು.

ಇಲ್ಲಿರುವ ತತ್ತ್ವ ಎಲ್ಲ ಆಟೊಪೇಗೂ ಅನ್ವಯಿಸುತ್ತದೆ. ಮ್ಯಾಂಡೇಟ್ ನಿಮ್ಮ ಹೆಸರಿಗೆ ಅಂಟಿಕೊಂಡಿರುವುದಿಲ್ಲ. ಅದನ್ನು ಒಪ್ಪಿದ ದಿನ ಆರಿಸಿದ ಖಾತೆಗೂ, ಯಾವ ಆ್ಯಪ್‌ನಲ್ಲಿ ಒಪ್ಪಿದಿರೋ ಆ ಆ್ಯಪ್‌ನ ಯುಪಿಐ ಐಡಿಗೂ ಅಂಟಿಕೊಂಡಿರುತ್ತದೆ. ಆಮೇಲೆ ಮುಖ್ಯ ಖಾತೆ ಬದಲಿಸಿದರೆ ಹಳೆಯ ಮ್ಯಾಂಡೇಟ್‌ಗಳು ಅದರ ಹಿಂದೆ ಬರುವುದಿಲ್ಲ, ಅವು ಹಳೆಯ ಖಾತೆಯಲ್ಲೇ ಹಣ ಹುಡುಕುತ್ತವೆ. ಹೊಸ ಖಾತೆಯಲ್ಲಿ ಹಣ ತುಂಬಿಟ್ಟು ‘ದುಡ್ಡಿದ್ದರೂ ಫೇಲ್’ ಎನ್ನುವವರಲ್ಲಿ ಬಹಳ ಮಂದಿಯ ತೊಂದರೆ ಇದೇ.

ಫೋನ್ ಮಾತ್ರ ಬದಲಾಗಿ ಆ್ಯಪ್ ಮತ್ತು ಮೊಬೈಲ್ ನಂಬರ್ ಅವೇ ಇದ್ದರೆ, ಮತ್ತೆ ನೋಂದಾಯಿಸಿಕೊಂಡ ಮೇಲೆ ಹಳೆಯ ಮ್ಯಾಂಡೇಟ್‌ಗಳು ಸಾಮಾನ್ಯವಾಗಿ ಪಟ್ಟಿಯಲ್ಲಿ ಕಾಣುತ್ತವೆ. ಹೊಸ ಫೋನಿನಲ್ಲಿ ಮೊದಲ 24 ಗಂಟೆ ಬ್ಯಾಂಕುಗಳು ಯುಪಿಐ ವ್ಯವಹಾರಕ್ಕೆ ಸಾಮಾನ್ಯವಾಗಿ 5,000 ರೂಪಾಯಿಯ ಮಿತಿ ಇಡುವುದರಿಂದ, ದೊಡ್ಡ ಮೊತ್ತದ ಅನುಮೋದನೆಯನ್ನು ಮರುದಿನಕ್ಕೆ ಇಟ್ಟುಕೊಳ್ಳುವುದು ಸುರಕ್ಷಿತ. ಆ್ಯಪ್ ಬದಲಿಸಿದವರು ಹಳೆಯ ಆ್ಯಪ್ ಅಳಿಸುವ ಮುನ್ನ ಅದರ ಆಟೊಪೇ ಪಟ್ಟಿಯನ್ನು ನೋಡಬೇಕು. ಫೋನಿನಿಂದ ಆ್ಯಪ್ ತೆಗೆದರೆ ಮ್ಯಾಂಡೇಟ್ ರದ್ದಾಗುವುದಿಲ್ಲ, ಆದರೆ ಪಿನ್ ಬೇಕಾದ ಕಂತಿನ ಕೋರಿಕೆ, ಈಗ ಫೋನಿನಲ್ಲಿಲ್ಲದ ಆ ಆ್ಯಪ್‌ಗೇ ಬರುತ್ತದೆ. ಒಂದು ಆ್ಯಪ್‌ನ ಮ್ಯಾಂಡೇಟ್‌ಗಳನ್ನು ಇನ್ನೊಂದರಲ್ಲಿ ನೋಡುವ ಮತ್ತು ವರ್ಗಾಯಿಸಿಕೊಳ್ಳುವ ಸೌಲಭ್ಯ ಕೊಡಬೇಕೆಂದು ಎನ್‌ಪಿಸಿಐ 2025ರ ಅಕ್ಟೋಬರ್‌ನಲ್ಲಿ ಆ್ಯಪ್‌ಗಳಿಗೆ ಸೂಚಿಸಿತು. ನಿಮ್ಮ ಆ್ಯಪ್‌ನಲ್ಲಿ ಅದಿದ್ದರೆ ಮ್ಯಾಂಡೇಟ್ ಹುಡುಕುವ ಕೆಲಸ ಬಹಳ ಹಗುರಾಗುತ್ತದೆ.

ಮೊಬೈಲ್ ನಂಬರ್ ಬದಲಾದರೆ ಸಮಸ್ಯೆ ದೊಡ್ಡದು, ಏಕೆಂದರೆ ಯುಪಿಐ ನೋಂದಣಿ ನಿಂತಿರುವುದೇ ಆ ನಂಬರಿನ ಮೇಲೆ. ರದ್ದಾದ ಮತ್ತು ಬೇರೆಯವರಿಗೆ ಹಂಚಿಕೆಯಾದ ನಂಬರುಗಳ ಮಾಹಿತಿಯನ್ನು ಬ್ಯಾಂಕುಗಳು ಮತ್ತು ಆ್ಯಪ್‌ಗಳು ವಾರಕ್ಕೊಮ್ಮೆಯಾದರೂ ನವೀಕರಿಸಬೇಕೆಂಬ ನಿಯಮ 2025ರಲ್ಲಿ ಬಂದಿದೆ. ಬ್ಯಾಂಕಿಗೆ ಕೊಟ್ಟ ಹಳೆಯ ಸಿಮ್ ರೀಚಾರ್ಜ್ ಇಲ್ಲದೆ ಬಿದ್ದಿದ್ದರೆ, ಮೊದಲು ಶಾಖೆಯಲ್ಲಿ ಹೊಸ ನಂಬರ್ ನೋಂದಾಯಿಸಿ, ಆಮೇಲೆ ಆ್ಯಪ್‌ನಲ್ಲಿ ಹೊಸದಾಗಿ ಶುರು ಮಾಡಿ, ಮ್ಯಾಂಡೇಟ್‌ಗಳನ್ನು ಮತ್ತೆ ಮಾಡಿಸಬೇಕು.

ಬ್ಯಾಂಕುಗಳ ವಿಲೀನವೂ ಇದೇ ಸಾಲಿನದು. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನೊಳಗೆ ಸೇರಿ, ಅದರ ಹಳೆಯ ಐಎಫ್ಎಸ್‌ಸಿ ಸಂಕೇತಗಳು 2021ರ ಜುಲೈ 1ರಿಂದ ನಡೆಯದಾದವು. ಕರ್ನಾಟಕ ಗ್ರಾಮೀಣ ಬ್ಯಾಂಕ್ ಮತ್ತು ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಂದು ಒಂದಾದವು. ವಿಲೀನದ ಮೊದಲೇ ಮಾಡಿದ ಮ್ಯಾಂಡೇಟ್ ಇರುವವರು, ಖಾತೆ ಸಂಖ್ಯೆ ಅಥವಾ ಐಎಫ್ಎಸ್‌ಸಿ ಬದಲಾದ ಸೂಚನೆ ಬಂದ ಕೂಡಲೇ ಆ್ಯಪ್‌ನಲ್ಲಿ ಖಾತೆಯನ್ನು ತೆಗೆದು ಮರುಜೋಡಿಸಿ, ಮುಂದಿನ ಕಂತಿನ ಮುನ್ಸೂಚನೆ ಬರುತ್ತದೆಯೇ ಎಂದು ಗಮನಿಸಬೇಕು. ಬರದಿದ್ದರೆ ಹೊಸ ಮ್ಯಾಂಡೇಟ್ ಮಾಡಿಸುವುದೇ ಸರಿ.

ಹೊಸ ಮ್ಯಾಂಡೇಟ್ ಆದ ಮೇಲೆ

ಮ್ಯಾಂಡೇಟ್ ಎಂಬುದು ಹಣ ತೆಗೆಯಲು ಕೊಟ್ಟ ಒಪ್ಪಿಗೆ. ಸಿಪ್ ಎಂಬುದು ಸಂಸ್ಥೆಯ ಬಳಿ ಇರುವ ಆದೇಶ. ಹೊಸ ಮ್ಯಾಂಡೇಟ್ ಸಕ್ರಿಯವಾದ ಮಾತ್ರಕ್ಕೆ ಹಳೆಯ ಸಿಪ್ ಅದಕ್ಕೆ ಜೋಡಣೆಯಾಗಿರುವುದಿಲ್ಲ. ವೇದಿಕೆಯಲ್ಲಿ ಸಿಪ್‌ನ ವಿವರ ತೆರೆದು, ಪಾವತಿಯ ವಿಧಾನದಲ್ಲಿ ಹೊಸ ಮ್ಯಾಂಡೇಟ್ ಆರಿಸಬೇಕು. ಅತ್ತಿಗೆ ಹಾಗೆ ಮಾಡಿ, ಮುಂದಿನ ಕಂತಿನ ಮುನ್ಸೂಚನೆ 5,500 ರೂಪಾಯಿಗೆ ಬಂದು ಕಡಿತವೂ ಆದ ಮೇಲೆ ಹಳೆಯ ಮ್ಯಾಂಡೇಟ್ ರದ್ದು ಮಾಡಿದರು. ಈ ಕ್ರಮ ತಿರುವುಮುರುವಾದರೆ, ಅಂದರೆ ಹಳೆಯದನ್ನು ಮೊದಲೇ ಆ್ಯಪ್‌ನಲ್ಲಿ ರದ್ದುಮಾಡಿದರೆ, ಸಿಪ್ ಅದರ ಮೇಲೆಯೇ ಪ್ರಯತ್ನ ಮಾಡುತ್ತಾ ಹೋಗಿ ವಿಫಲ ಕಂತುಗಳ ಲೆಕ್ಕ ಬೆಳೆಯುತ್ತದೆ. ಮಾಸಿಕ ಸಿಪ್‌ನಲ್ಲಿ ಸತತ ಮೂರು ಕಂತು ತಪ್ಪಿದರೆ ಸಿಪ್ ರದ್ದಾಗುತ್ತದೆ. ತಪ್ಪಿದ ಆ ಒಂದು ತಿಂಗಳ ಕಂತನ್ನು ಅವರು ಅದೇ ಫೋಲಿಯೊಗೆ ಒಂದು ಸಲದ ಖರೀದಿಯಾಗಿ ಹಾಕಿದರು. ವಿಮೆಯಲ್ಲಾದರೆ ಕಾಯಲೇಬಾರದು, ಮ್ಯಾಂಡೇಟ್ ಸರಿಪಡಿಸುವ ಕೆಲಸ ನಡೆಯುತ್ತಿರುವಾಗಲೇ ಪ್ರೀಮಿಯಂ ಅನ್ನು ವಿನಾಯಿತಿ ಅವಧಿಯೊಳಗೆ ನೇರವಾಗಿ ಕಟ್ಟಿ, ರಸೀದಿ ಇಟ್ಟುಕೊಳ್ಳಬೇಕು.

ಹಣ ಖಾತೆಯಿಂದ ಹೋಗಿ ಸಂಸ್ಥೆಯಲ್ಲಿ ಜಮೆಯಾಗದಿದ್ದರೆ, ಅಥವಾ ಮೇಲೆ ಹೇಳಿದ ಎಲ್ಲವೂ ಸರಿಯಿದ್ದೂ ಕಡಿತ ವಿಫಲವಾಗುತ್ತಲೇ ಇದ್ದರೆ ದೂರು ಕೊಡಬೇಕು. ಅದರಲ್ಲಿ ಮ್ಯಾಂಡೇಟ್‌ನ `UMN`, ವ್ಯವಹಾರದ 12 ಅಂಕಿಗಳ ಯುಪಿಐ ಉಲ್ಲೇಖ ಸಂಖ್ಯೆ, ಮುನ್ಸೂಚನೆಯ ಮತ್ತು ವಿಫಲ ಸಂದೇಶದ ಸ್ಕ್ರೀನ್‌ಶಾಟ್, ಸಂಸ್ಥೆ ತಿಳಿಸಿದ ಸಂಕೇತ ಇಷ್ಟಿರಲಿ. ದೂರು ಮೊದಲು ಯುಪಿಐ ಆ್ಯಪ್‌ನೊಳಗೆ ಅದೇ ವ್ಯವಹಾರದ ಮೇಲೆ, ಆಮೇಲೆ ಖಾತೆಯಿರುವ ಬ್ಯಾಂಕಿಗೆ ಲಿಖಿತವಾಗಿ. ಬ್ಯಾಂಕು 30 ದಿನಗಳೊಳಗೆ ಉತ್ತರಿಸದಿದ್ದರೆ, ಅಥವಾ ಉತ್ತರ ಸಮಾಧಾನ ತರದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ `cms.rbi.org.in` ತಾಣದಲ್ಲಿ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ಬ್ಯಾಂಕಿಗೆ ಕೊಟ್ಟ ದೂರಿನ ಪ್ರತಿ ಮತ್ತು ದಿನಾಂಕವನ್ನು ಅಲ್ಲಿ ಕೇಳುತ್ತಾರೆ, ಆದ್ದರಿಂದ ಫೋನಿನಲ್ಲಿ ಹೇಳಿ ಮುಗಿಸದೆ ಇಮೇಲ್ ಮೂಲಕವೇ ಕೊಡಬೇಕು.